ಬ್ಯಾಂಕಲ್ಲಿ ಕಟ್ ಆಯ್ತು, ವಾಲೆಟ್‌ಗೆ ಬರಲಿಲ್ಲ: ಹಬ್ಬದ ದಿನ ಹೋದ 4,000 ರೂಪಾಯಿಯ ಕತೆ

2025ರ ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ರಾತ್ರಿ ಎಂಟರ ಹೊತ್ತಿಗೆ ತುಮಕೂರಿನಿಂದ ಚಿಕ್ಕಮ್ಮನ ಫೋನ್ ಬಂತು. ಅರಿಶಿನ ಕುಂಕುಮಕ್ಕೆ ಬಂದವರ ಗದ್ದಲ ಹಿಂದೆ ಕೇಳಿಸುತ್ತಿತ್ತು.

"ನೋಡೋ, ಬ್ಯಾಂಕಲ್ಲಿ ನಾಲ್ಕು ಸಾವಿರ ಕಟ್ ಆಗಿದೆ. ವಾಲೆಟ್‌ಗೆ ಬಂದೇ ಇಲ್ಲ. ಲಕ್ಷ್ಮಿ ಹಬ್ಬದ ದಿನಾನೇ ಹೀಗಾಗ್ಬೇಕಾ?"

ನಾನು ಪೇಮೆಂಟ್ ಗೇಟ್‌ವೇ ಕಂಪನಿಯೊಂದರಲ್ಲಿ, ಅಂದರೆ ಗ್ರಾಹಕರ ಬ್ಯಾಂಕಿಗೂ ದುಡ್ಡು ಪಡೆಯುವ ಕಂಪನಿಗೂ ನಡುವೆ ಪಾವತಿ ದಾಟಿಸುವ ಕಂಪನಿಯಲ್ಲಿ, ರೀಕಾನ್ ಕೆಲಸ ಮಾಡುತ್ತೇನೆ. ಬ್ಯಾಂಕ್ ಕಳಿಸಿದ ಪಟ್ಟಿಯನ್ನೂ ನಮ್ಮ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನವಿಡೀ ತಾಳೆ ನೋಡುವ ಕೆಲಸ. ಇಂಥ ದೂರುಗಳು ನನಗೆ ಹೊಸದಲ್ಲ. ಆದರೆ ಸಾಮಾನ್ಯವಾಗಿ ನನಗೆ ಕಾಣುವುದು ಒಂದು ಸಾಲು, ಒಂದು ಮೊತ್ತ, ಅಷ್ಟೇ. ಆ ಕಡೆ ಯಾರಿದ್ದಾರೆ, ಫೋನ್ ಹಿಡಿದು ಏನು ಮಾಡಿದರು ಅನ್ನೋದು ಗೊತ್ತಾಗುವುದಿಲ್ಲ. ಈ ಸಲ ಚಿಕ್ಕಮ್ಮನ ವಾಲೆಟ್ ಕಂಪನಿ ನಮ್ಮ ಗೇಟ್‌ವೇಯನ್ನೇ ಬಳಸುತ್ತಿತ್ತು. ಹಾಗಾಗಿ ಒಂದೇ 4,000 ರೂಪಾಯಿಯನ್ನು ಮೊದಲಿಂದ ಕೊನೆಯವರೆಗೆ ನೋಡಲು ಸಿಕ್ಕಿತು.

ಆ ಸಂಜೆ ಆದದ್ದು

ಚಿಕ್ಕಮ್ಮ ವಾಲೆಟ್ ಇಟ್ಟುಕೊಂಡಿರುವುದಕ್ಕೆ ಅವರದೇ ಲೆಕ್ಕ ಇದೆ. ಹಾಲು, ತರಕಾರಿ, ಔಷಧಿ ಎಲ್ಲಕ್ಕೂ ಬ್ಯಾಂಕ್ ಖಾತೆಯಿಂದ ದುಡ್ಡು ಹೋಗುವುದು ಅವರಿಗೆ ಇಷ್ಟವಿಲ್ಲ. ತಿಂಗಳಿಗೆ ಒಂದೆರಡು ಸಲ ವಾಲೆಟ್‌ಗೆ ಹಾಕಿಕೊಳ್ಳುತ್ತಾರೆ, ಅದರಲ್ಲೇ ಖರ್ಚು ನಡೆಯುತ್ತದೆ. ಪೂರ್ತಿ ಕೆವೈಸಿ ಮಾಡಿಸಿಲ್ಲ. "ಅಷ್ಟಕ್ಕೆಲ್ಲಾ ಯಾಕೆ" ಅನ್ನುತ್ತಾರೆ. ಈ ಸಣ್ಣ ವಿಷಯ ಮುಂದೆ ಕತೆಯನ್ನೇ ತಿರುಗಿಸುತ್ತದೆ.

ಆಗಸ್ಟ್ 2ರಂದು 3,000 ಹಾಕಿದ್ದರು. ಹಬ್ಬದ ಹೊತ್ತಿಗೆ 640 ಉಳಿದಿತ್ತು. 7 ಗಂಟೆ 42 ನಿಮಿಷಕ್ಕೆ 4,000 ಟಾಪ್‌ಅಪ್ ಮಾಡಲು ಹೊರಟು ನೆಟ್ ಬ್ಯಾಂಕಿಂಗ್ ಆರಿಸಿದರು. ಬ್ಯಾಂಕಿನ ಪುಟ ತೆರೆಯಿತು. ಲಾಗಿನ್ ಆಯ್ತು, ಓಟಿಪಿ ಹಾಕಿದ್ದಾಯ್ತು. 7:44ಕ್ಕೆ ಕಟ್ ಆದ ಎಸ್ಸೆಮ್ಮೆಸ್ ಬಂತು. ಪುಟದಲ್ಲಿ ಇನ್ನೂ ಚಕ್ರ ತಿರುಗುತ್ತಿರುವಾಗ ಬಾಗಿಲ ಬೆಲ್ ಆಯ್ತು. ಫೋನನ್ನು ತಾಂಬೂಲದ ತಟ್ಟೆ ಪಕ್ಕ ಇಟ್ಟು ಎದ್ದು ಹೋದರು. ವಾಪಸ್ ಬಂದು ನೋಡಿದರೆ ಪುಟ ಸತ್ತುಹೋಗಿತ್ತು. ವಾಲೆಟ್‌ನಲ್ಲಿ ಅದೇ 640. ಟಾಪ್‌ಅಪ್ ಎದುರು "ಪೆಂಡಿಂಗ್".

ಅರ್ಜೆಂಟ್ ಇತ್ತಲ್ಲ, 7:55ಕ್ಕೆ ಇನ್ನೊಂದು ಸಲ 4,000 ಹಾಕಿದರು, ಈ ಸಲ ಯುಪಿಐನಲ್ಲಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಈಗ ವಾಲೆಟ್‌ನಲ್ಲಿ 4,640. ಬ್ಯಾಂಕಿನಿಂದ ಹೋಗಿದ್ದು 8,000. ಆಮೇಲೆ ನನಗೆ ಫೋನ್. 8:15ಕ್ಕೆ "ಪೆಂಡಿಂಗ್" ಹೋಗಿ "ವಿಫಲ" ಅಂತ ಆಯ್ತು.

ಮರುದಿನ ಅವರು ಬ್ಯಾಂಕಿನ ಸಹಾಯವಾಣಿಗೆ ಮಾತಾಡಿದರು. "ನಮ್ಮ ಕಡೆ ಸಕ್ಸೆಸ್ ಇದೆ ಮೇಡಂ, ವಾಲೆಟ್‌ನವರನ್ನ ಕೇಳಿ." ವಾಲೆಟ್‌ನವರನ್ನು ಕೇಳಿದರೆ, "ನಮ್ಮ ಕಡೆ ಫೇಲ್ ಆಗಿದೆ ಮೇಡಂ, ಬ್ಯಾಂಕ್‌ನವರನ್ನ ಕೇಳಿ." ಇಬ್ಬರೂ ಕೈತೊಳೆದುಕೊಳ್ಳುತ್ತಿದ್ದಾರೆ ಅಂತ ಚಿಕ್ಕಮ್ಮನಿಗೆ ಸಿಟ್ಟು. ಆದರೆ ನಿಜ ಹೇಳಬೇಕೆಂದರೆ, ಅವರವರ ಪುಸ್ತಕದಲ್ಲಿ ಇದ್ದದ್ದನ್ನೇ ಅವರು ಓದಿ ಹೇಳಿದ್ದರು.

ಮಾತು ಒಂದು ದಾರಿ, ದುಡ್ಡು ಇನ್ನೊಂದು ದಾರಿ

ಟಾಪ್‌ಅಪ್ ಸರಿಯಾಗಿ ಆದ ದಿನ ಐದು ಸೆಕೆಂಡಿನಲ್ಲಿ ವಾಲೆಟ್‌ಗೆ ದುಡ್ಡು ಬಂತು ಅಂದುಕೊಳ್ಳುತ್ತೇವೆ. ಬರುವುದು ದುಡ್ಡಲ್ಲ, ಮಾತು. "ಈ ಆರ್ಡರ್‌ಗೆ 4,000 ತೆಗೆದುಕೊಂಡಿದ್ದೇನೆ" ಅಂತ ಬ್ಯಾಂಕ್ ಗೇಟ್‌ವೇಗೆ ಹೇಳುತ್ತದೆ, ಗೇಟ್‌ವೇ ವಾಲೆಟ್‌ಗೆ ಹೇಳುತ್ತದೆ. ಆ ಮಾತನ್ನು ನಂಬಿ ವಾಲೆಟ್ ಕಂಪನಿ ಬ್ಯಾಲೆನ್ಸ್ ಏರಿಸುತ್ತದೆ. ನಿಜವಾದ ದುಡ್ಡು ಆ ಹೊತ್ತಿಗೆ ಚಿಕ್ಕಮ್ಮನ ಬ್ಯಾಂಕ್ ಬಿಟ್ಟು ಹೊರಗೇ ಬಂದಿರುವುದಿಲ್ಲ. ಅವರ ಖಾತೆಯಿಂದ ತೆಗೆದು, ಅದೇ ಬ್ಯಾಂಕಿನ ಒಳಗಿನ ಇನ್ನೊಂದು ಖಾತೆಯಲ್ಲಿ ಗೇಟ್‌ವೇ ಹೆಸರಿಗೆ ಕೂಡಿಟ್ಟಿರುತ್ತಾರೆ. ದಿನದ ಕೊನೆಗೆ ಆ ದಿನದ ಎಲ್ಲ ನೆಟ್ ಬ್ಯಾಂಕಿಂಗ್ ವ್ಯವಹಾರಗಳನ್ನು ಒಟ್ಟು ಮಾಡುತ್ತಾರೆ. ಮರುದಿನ, ಬ್ಯಾಂಕ್ ಕೆಲಸ ಮಾಡುವ ದಿನ, ಆ ವ್ಯವಹಾರಗಳ ಪಟ್ಟಿ ಇರುವ ಒಂದು ಫೈಲ್ ಗೇಟ್‌ವೇಗೆ ಬರುತ್ತದೆ, ಒಂದೇ ದೊಡ್ಡ ಮೊತ್ತ ಗೇಟ್‌ವೇಯ ಎಸ್ಕ್ರೋ ಖಾತೆಗೆ, ಅಂದರೆ ಬೇರೆಯವರಿಗೆ ಸೇರಬೇಕಾದ ದುಡ್ಡನ್ನು ಪ್ರತ್ಯೇಕವಾಗಿ ಇಡುವ ಖಾತೆಗೆ, ಬರುತ್ತದೆ. ಅಲ್ಲಿಂದ ವಾಲೆಟ್ ಕಂಪನಿಯ ಎಸ್ಕ್ರೋ ಖಾತೆಗೆ. ಇದನ್ನೇ ಸೆಟ್ಲ್‌ಮೆಂಟ್ ಅನ್ನುವುದು.

ಇಲ್ಲಿ ಕಳೆದುಹೋದದ್ದು ದುಡ್ಡಲ್ಲ, ಮಾತು. ಅದು ಹೇಗೆ ಕಳೆಯಿತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಬ್ಯಾಂಕಿನ ಉತ್ತರ ಗೇಟ್‌ವೇಗೆ ಎರಡು ರೀತಿ ತಲುಪುತ್ತದೆ. ಒಂದು, ಚಿಕ್ಕಮ್ಮನ ಫೋನಿನ ಮೂಲಕವೇ. ಬ್ಯಾಂಕಿನ ಪುಟ ಅವರನ್ನು ಗೇಟ್‌ವೇ ಪುಟಕ್ಕೆ ವಾಪಸ್ ಕಳಿಸುವಾಗ ಉತ್ತರವನ್ನೂ ಜೊತೆಗೆ ಕಟ್ಟಿ ಕಳಿಸುತ್ತದೆ. "ಹಿಂದಕ್ಕೆ ಒತ್ತಬೇಡಿ, ಪುಟ ಮುಚ್ಚಬೇಡಿ" ಅಂತ ಬರೆದಿರುತ್ತಾರಲ್ಲ, ಅದು ಸುಮ್ನೆ ಹೆದರಿಸೋಕೆ ಅಲ್ಲ. ಆ ಕ್ಷಣ ನಿಮ್ಮ ಫೋನೇ ಅಂಚೆಯವನು. ಚಿಕ್ಕಮ್ಮ ಬಾಗಿಲು ತೆಗೆಯಲು ಹೋದಾಗ ಫೋನ್ ಲಾಕ್ ಆಗಿ, ಅಂಚೆಯವನು ದಾರಿಯಲ್ಲೇ ಕೂತುಬಿಟ್ಟ.

ಎರಡನೆಯದು, ಗೇಟ್‌ವೇಯ ಸರ್ವರ್ ನೇರವಾಗಿ ಬ್ಯಾಂಕಿನ ಸರ್ವರನ್ನು ಕೇಳುವುದು. ಫೋನಿನಿಂದ ಬಂದ ಉತ್ತರವನ್ನು ಯಾರಾದರೂ ತಿದ್ದಿರಬಹುದು. ಆದ್ದರಿಂದ ಅದು ಬಂದರೂ ಬರದಿದ್ದರೂ ನಾವು ಈ ಎರಡನೆಯ ದಾರಿಯಲ್ಲಿ ಕೇಳಿಯೇ ಕೇಳುತ್ತೇವೆ. ಆ ಸಂಜೆ 7:47ರಿಂದ ಕೆಲವು ಸಲ ಕೇಳಿದ ದಾಖಲೆ ನಮ್ಮಲ್ಲಿದೆ. ಪ್ರತಿ ಸಲವೂ ಬ್ಯಾಂಕಿನಿಂದ ಬಂದ ಉತ್ತರ ಒಂದೇ, "ಪೆಂಡಿಂಗ್". ಖಾತೆಯಿಂದ ತೆಗೆಯುವ ವ್ಯವಸ್ಥೆ ತನ್ನ ಕೆಲಸ ಮುಗಿಸಿತ್ತು. ಆದರೆ ನಮಗೆ ಉತ್ತರ ಕೊಡುವ ವ್ಯವಸ್ಥೆಗೆ ಆ ಸುದ್ದಿ ಇನ್ನೂ ಹೋಗಿರಲಿಲ್ಲ. ಎರಡೂ ಒಂದೇ ಬ್ಯಾಂಕಿನದ್ದು, ಆದರೂ ಬೇರೆ ಬೇರೆ. ಕೊನೆಗೆ ನಮ್ಮ ಗಡುವು ಮುಗಿದು 8:15ಕ್ಕೆ ಆರ್ಡರ್ ಫೇಲ್ ಅಂತ ಗುರುತಾಯ್ತು. ಗಡುವು ಇಡದೆ ವಿಧಿಯಿಲ್ಲ. ಪುಟ ತೆರೆದು, ಲಾಗಿನ್ನೇ ಆಗದೆ ಎದ್ದು ಹೋಗುವವರು ದಿನಾ ಎಷ್ಟೋ ಜನ. ಅವರ ಆರ್ಡರುಗಳೂ ಹೀಗೇ ಕಾಣುತ್ತವೆ.

"ಕಟ್ ಆಗಿರೋ ಎಸ್ಸೆಮ್ಮೆಸ್ ಇದೆಯಲ್ಲೋ, ಅದನ್ನ ತೋರಿಸಿದ್ರೆ ಸಾಲ್ದಾ?" ಅಂತ ಚಿಕ್ಕಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ವಾಲೆಟ್ ಕಂಪನಿ ಅದನ್ನು ನೋಡಿ ಬ್ಯಾಲೆನ್ಸ್ ಏರಿಸುವ ಹಾಗಿಲ್ಲ. ಬ್ಯಾಂಕ್ ಅಲ್ಲದ ವಾಲೆಟ್ ಕಂಪನಿ ಗ್ರಾಹಕರ ವಾಲೆಟ್‌ಗಳಲ್ಲಿರುವ ಒಟ್ಟು ಮೊತ್ತಕ್ಕೆ ಕಡಿಮೆಯಾಗದಷ್ಟು ದುಡ್ಡನ್ನು, ಪ್ರತಿ ದಿನದ ಕೊನೆಗೆ, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಟ್ಟಿರಬೇಕು. ಅಂಗಡಿಯವರಿಗೆ ಕೊಡಬೇಕಾದ ಬಾಕಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಇದು ರಿಸರ್ವ್ ಬ್ಯಾಂಕಿನ ನಿಯಮ. ಗೇಟ್‌ವೇ "ಸಕ್ಸೆಸ್" ಅಂದರೆ ಅದರ ಹಿಂದೆ "ಈ ದುಡ್ಡು ನಾನು ಕೊಡುತ್ತೇನೆ" ಅನ್ನುವ ಜವಾಬ್ದಾರಿ ಇದೆ. ಎಸ್ಸೆಮ್ಮೆಸ್ಸಿನ ಹಿಂದೆ ಅಂಥದ್ದೇನೂ ಇಲ್ಲ. ಚಿಕ್ಕಮ್ಮನ ಖಾತೆಯಿಂದ ಹೋಗಿದೆ ಅನ್ನುವುದಕ್ಕೆ ಅದು ಸಾಕ್ಷಿ. ವಾಲೆಟ್ ಕಂಪನಿಗೆ ಬರುತ್ತದೆ ಅನ್ನುವುದಕ್ಕೆ ಅಲ್ಲ.

ಎರಡನೇ ಶನಿವಾರ

ಕಳೆದುಹೋದ ಮಾತು ಮತ್ತೆ ಸಿಗುವುದು ಸೆಟ್ಲ್‌ಮೆಂಟ್ ಫೈಲಿನಲ್ಲಿ. ಅದು ಬರುವುದು ಮರುದಿನ. ಆದರೆ ಆಗಸ್ಟ್ 9 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. 10 ಭಾನುವಾರ. ಈ ಬ್ಯಾಂಕ್ ನಮಗೆ ಫೈಲ್ ಕಳಿಸುವುದು ಕೆಲಸದ ದಿನಗಳಲ್ಲಿ ಮಾತ್ರ. ಹಾಗಾಗಿ ಶುಕ್ರವಾರದ ಫೈಲ್ ಬರುವುದು ಸೋಮವಾರ. ಚಿಕ್ಕಮ್ಮ ಇದನ್ನೇ ಮಂಗಳವಾರ ಮಾಡಿದ್ದಿದ್ದರೆ ಬುಧವಾರ ಬೆಳಿಗ್ಗೆ ಗೊತ್ತಾಗುತ್ತಿತ್ತು.

ಶನಿವಾರ ನಾನು ಅವರಿಗೆ ಹೇಳಿದ್ದು ಇಷ್ಟೇ: "ಚಿಕ್ಕಮ್ಮ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. 4,000 ಹೋದ ಸಾಲಿನ ಕೆಳಗೆ ಅದೇ 4,000 ವಾಪಸ್ ಬಂದ ಸಾಲು ಇದೆಯಾ?" ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೇ ಇದು. ಎರಡು ಸಾಲಿದ್ದರೆ ಬ್ಯಾಂಕೇ ಮಧ್ಯದಲ್ಲಿ ಎಡವಿ, ತಾನೇ ಸರಿಮಾಡಿಕೊಂಡಿದೆ ಅಂತ. ಎಸ್ಸೆಮ್ಮೆಸ್ ಒಂದೇ ಬಂದಿರಬಹುದು, ವಾಪಸ್ ಬಂದದ್ದರ ಎಸ್ಸೆಮ್ಮೆಸ್ ಬರದೇ ಹೋಗುವುದೂ ಉಂಟು. ಅದಕ್ಕೇ ಸ್ಟೇಟ್‌ಮೆಂಟ್ ನೋಡಿ ಅನ್ನುವುದು. ಚಿಕ್ಕಮ್ಮನದ್ದು ಒಂದೇ ಸಾಲು. ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಇದು ಮುಗಿದ ವ್ಯವಹಾರ. ದುಡ್ಡು ಗೇಟ್‌ವೇ ಹೆಸರಿಗೆ ಕೂತಿದೆ, ಸೋಮವಾರ ಹೊರಡುತ್ತದೆ.

ಇನ್ನೊಂದು ಥರದ್ದೂ ಇದೆ. ಗೇಟ್‌ವೇ "ಸಕ್ಸೆಸ್" ಅಂದಿರುತ್ತದೆ, ವಾಲೆಟ್ ಕಂಪನಿಯ ಸರ್ವರ್ ಅದನ್ನು ಕೇಳಿಸಿಕೊಂಡಿರುವುದಿಲ್ಲ. ಆಗ ಆ್ಯಪ್‌ನಲ್ಲಿ "ವಿಫಲ" ಅಂತ ಬಾರದೆ "ಪ್ರೊಸೆಸಿಂಗ್" ಅಂತಲೇ ಇರುತ್ತದೆ. ಅದಕ್ಕೆ ಸೆಟ್ಲ್‌ಮೆಂಟ್‌ವರೆಗೆ ಕಾಯಬೇಕಿಲ್ಲ. ಗೇಟ್‌ವೇ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ.

ಸೋಮವಾರ, 11ನೇ ತಾರೀಖು, ಹತ್ತೂವರೆಗೆ ಫೈಲ್ ಬಂತು. ಅದರೊಳಗಿನ ಆ ಸಾಲು ಹೀಗಿತ್ತು (ನಂಬರುಗಳನ್ನು ಬದಲಿಸಿದ್ದೇನೆ):

```
ORDER_ID    BANK_REF    TXN_DATE    AMOUNT   STATUS
W08081942   5220847713  08-08-2025  4000.00  SUCCESS
```

ನಮ್ಮ ಪುಸ್ತಕದಲ್ಲಿ ಅದೇ ಆರ್ಡರ್ ಎದುರು:

```
W08081942   -           08-08-2025  4000.00  FAILED
```

ನಡುವೆ ಇರುವ ಆ ಸಣ್ಣ ಗೆರೆಯನ್ನು ನೋಡಿ. ಬ್ಯಾಂಕಿನ ರೆಫರೆನ್ಸ್ ನಂಬರ್ ಇರಬೇಕಾದ ಜಾಗ ಅದು. ಬ್ಯಾಂಕ್ ನಮಗೆ ಆ ನಂಬರ್ ಹೇಳಲೇ ಇಲ್ಲ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಇಡೀ ಸಮಸ್ಯೆ ಆ ಒಂದು ಗೆರೆಯಲ್ಲಿ ಇತ್ತು. ನಂಬರ್ ಮಾತ್ರ ಚಿಕ್ಕಮ್ಮನ ಎಸ್ಸೆಮ್ಮೆಸ್ಸಿನಲ್ಲಿ ಮೊದಲಿಂದಲೂ ಕೂತಿತ್ತು. ದೂರು ಕೊಡುವಾಗ "ಶುಕ್ರವಾರ ಸಂಜೆ 4,000" ಅನ್ನುವುದಕ್ಕಿಂತ ಈ ನಂಬರ್ ಕೊಟ್ಟರೆ ಹುಡುಕುವವರಿಗೆ ಸುಲಭ. ಅದೇ ಸಂಜೆ ಅಷ್ಟೇ ಮೊತ್ತ ಹಾಕಿದವರು ಬೇರೆಯವರೂ ಇರುತ್ತಾರೆ. ಚಿಕ್ಕಮ್ಮನೇ ಎರಡು ಸಲ ಹಾಕಿದ್ದರಲ್ಲ!

ಇಂಥ ಸಾಲಿಗೆ ನಮ್ಮಲ್ಲಿ "ಲೇಟ್ ಸಕ್ಸೆಸ್" ಅನ್ನುತ್ತೇವೆ. ಮುಂದೆ ಏನು ಮಾಡಬೇಕು ಅನ್ನುವುದನ್ನು ನಮ್ಮ ಗ್ರಾಹಕ ಕಂಪನಿಗಳು ಮೊದಲೇ ಹೇಳಿಟ್ಟಿರುತ್ತವೆ. ಬಸ್ ಟಿಕೆಟ್ ಮಾರುವವರು "ನೇರ ರೀಫಂಡ್ ಮಾಡಿ" ಅನ್ನುತ್ತಾರೆ. ಬಸ್ ಹೋದ ಮೇಲೆ ಟಿಕೆಟ್ ಕೊಟ್ಟು ಏನು ಪ್ರಯೋಜನ? ವಾಲೆಟ್ ಕಂಪನಿ "ನಮಗೆ ತಿಳಿಸಿ, ನಾವು ವಾಲೆಟ್‌ಗೆ ಹಾಕುತ್ತೇವೆ" ಅಂದಿತ್ತು. ದುಡ್ಡು ತಡವಾಗಿ ಬಂದರೂ ದುಡ್ಡೇ ತಾನೇ. ಹಾಗಾಗಿ 11:20ಕ್ಕೆ ನಮ್ಮಿಂದ ಅವರಿಗೆ ಸಂದೇಶ ಹೋಯಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ.

10,000ದ ಗೋಡೆ

ವಾಲೆಟ್ ಕಂಪನಿಯ ವ್ಯವಸ್ಥೆ 4,000 ಹಾಕಲು ಹೋಗಿ ತಡೆಯಿತು. ಪೂರ್ತಿ ಕೆವೈಸಿ ಆಗದ ಸಣ್ಣ ವಾಲೆಟ್‌ಗೆ ಒಂದು ತಿಂಗಳಲ್ಲಿ ಹಾಕಬಹುದಾದದ್ದು 10,000 ರೂಪಾಯಿ ಮಾತ್ರ. ಯಾವ ಹೊತ್ತಿನಲ್ಲೂ ಬ್ಯಾಲೆನ್ಸ್ ಕೂಡ 10,000 ದಾಟುವಂತಿಲ್ಲ. ಪೂರ್ತಿ ಕೆವೈಸಿ ಆದ ವಾಲೆಟ್‌ನಲ್ಲಿ 2 ಲಕ್ಷದವರೆಗೆ ಇಟ್ಟುಕೊಳ್ಳಬಹುದು. ಇವೆಲ್ಲ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ಪ್ರೀಪೇಯ್ಡ್ ವಾಲೆಟ್‌ಗಳ ನಿರ್ದೇಶನದಲ್ಲಿ ಇರುವ ಮಿತಿಗಳು.

ಚಿಕ್ಕಮ್ಮನ ಆಗಸ್ಟ್ ತಿಂಗಳ ಲೆಕ್ಕ ಮಾಡಿ. 2ರಂದು 3,000. ಶುಕ್ರವಾರ ಯುಪಿಐನಲ್ಲಿ 4,000. ಒಟ್ಟು 7,000. ಈಗ ಬಂದ ಹಳೆಯ 4,000 ಸೇರಿಸಿದರೆ 11,000. ಬ್ಯಾಲೆನ್ಸ್ ಕಡೆಯಿಂದ ತೊಂದರೆ ಇರಲಿಲ್ಲ, ವಾಲೆಟ್‌ನಲ್ಲಿ ಇದ್ದದ್ದೇ ಐದು ಸಾವಿರದ ಒಳಗೆ. ಅಡ್ಡ ಬಂದದ್ದು ತಿಂಗಳ ಮಿತಿ. ಸಾವಿರ ರೂಪಾಯಿ ಜಾಸ್ತಿ ಆಯ್ತು. 3,000 ಹಾಕಿ 1,000 ವಾಪಸ್ ಕೊಡೋಣ ಅನ್ನುವ ಹಾಗೂ ಇಲ್ಲ, ಒಂದು ಆರ್ಡರ್ ಅಂದರೆ ಒಂದು ಮೊತ್ತ. ಹಾಗಾಗಿ ಪೂರ್ತಿ 4,000 ರೀಫಂಡ್ ಅಂತ ತೀರ್ಮಾನವಾಗಿ, ಮಧ್ಯಾಹ್ನ ಒಂದು ಗಂಟೆಗೆ ನಮಗೆ ಕೋರಿಕೆ ಬಂತು.

ಶುಕ್ರವಾರ ಎರಡನೇ ಸಲ ಹಾಕದೇ ಇದ್ದಿದ್ದರೆ ತಿಂಗಳ ಲೆಕ್ಕ 7,000ಕ್ಕೆ ನಿಲ್ಲುತ್ತಿತ್ತು, ಸೋಮವಾರ ಹನ್ನೊಂದೂವರೆಗೆ ವಾಲೆಟ್‌ಗೆ ದುಡ್ಡು ಬಂದಿರುತ್ತಿತ್ತು. ಇದನ್ನು ಚಿಕ್ಕಮ್ಮನ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆ ತುಂಬಾ ಜನ ಇರುವಾಗ, ದುಡ್ಡು ಬೇಕಾಗಿರುವಾಗ, ಯಾರಾದರೂ ಮತ್ತೆ ಹಾಕುತ್ತಾರೆ. ನನಗೆ ಬೇಸರ ಇರುವುದು ಆ್ಯಪ್ ಮೇಲೆ. ಒಂದು ಟಾಪ್‌ಅಪ್ ಪೆಂಡಿಂಗ್ ಇರುವಾಗ ಇನ್ನೊಂದು ಹಾಕಲು ಹೋದರೆ, "ಹಿಂದಿನದೂ ಬಂದರೆ ನಿಮ್ಮ ತಿಂಗಳ ಮಿತಿ ದಾಟುತ್ತದೆ, ಆಗ ಅದು ಬ್ಯಾಂಕಿಗೆ ವಾಪಸ್ ಹೋಗುತ್ತದೆ" ಅಂತ ಒಂದು ಸಾಲು ತೋರಿಸಬಹುದಿತ್ತು, ಅಲ್ವಾ? ಲೆಕ್ಕ ಎಲ್ಲ ಅವರ ಹತ್ತಿರವೇ ಇದೆ.

ರೀಫಂಡ್ ಕೂಡ ಹೋದಷ್ಟು ವೇಗವಾಗಿ ಬರುವುದಿಲ್ಲ. ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ ಆಗುವಾಗ ಗ್ರಾಹಕರು ಪುಟದ ಮುಂದೆ ಕಾಯುತ್ತಿರುತ್ತಾರೆ, ಬ್ಯಾಂಕ್ ತಕ್ಷಣ ಮಾಡಲೇಬೇಕು. ವಾಪಸ್ ಬರುವಾಗ ಹಾಗಲ್ಲ. ದಿನದ ರೀಫಂಡುಗಳನ್ನೆಲ್ಲ ಒಂದು ಫೈಲ್ ಮಾಡಿ ನಾವು ಸಂಜೆ ಬ್ಯಾಂಕಿಗೆ ಕಳಿಸುತ್ತೇವೆ. ಅದು ಮಂಗಳವಾರ ಬ್ಯಾಂಕಿನ ಕೈಗೆ ಹೋಯಿತು. ಬುಧವಾರ, 13ರಂದು, ಚಿಕ್ಕಮ್ಮನ ಖಾತೆಗೆ ಬಿತ್ತು. 15 ಸ್ವಾತಂತ್ರ್ಯ ದಿನಾಚರಣೆ. ಇನ್ನೆರಡು ದಿನ ತಡವಾಗಿದ್ದರೆ ಅಲ್ಲೂ ಒಂದು ರಜೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

"ದಿನಕ್ಕೆ ನೂರು ರೂಪಾಯಿ ಕೊಡ್ತಾರಂತಲ್ಲ?"

ಈ ಮಾತು ಚಿಕ್ಕಮ್ಮನಿಗೆ ಪಕ್ಕದ ಮನೆಯವರು ಹೇಳಿದ್ದು. ಸುಳ್ಳೇನಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಯಾವ ಥರದ ಪಾವತಿ ಕೈಕೊಟ್ಟರೆ ಎಷ್ಟು ದಿನದೊಳಗೆ ಸರಿಮಾಡಬೇಕು, ತಡವಾದರೆ ಎಷ್ಟು ಪರಿಹಾರ ಅನ್ನುವ ಪಟ್ಟಿ ಅದರಲ್ಲಿದೆ. ಯುಪಿಐನಲ್ಲಿ ವ್ಯಾಪಾರಿಗೆ ಕೊಟ್ಟ ದುಡ್ಡು ಕಟ್ ಆಗಿ ಅವರಿಗೆ ಖಚಿತವಾಗದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲೆ ದಿನಕ್ಕೆ 100 ರೂಪಾಯಿ, ಗ್ರಾಹಕರು ಕೇಳದೆಯೇ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಗಡುವು ಒಂದೇ ದಿನ. ಈ ದಿನಗಳು ಕ್ಯಾಲೆಂಡರ್ ದಿನಗಳು, ಶನಿವಾರ ಭಾನುವಾರ ಸೇರಿ.

ಆದರೆ ಆ ಪಟ್ಟಿಯಲ್ಲಿ ಯುಪಿಐ, ಐಎಂಪಿಎಸ್, ಕಾರ್ಡ್, ಎಟಿಎಂ, ವಾಲೆಟ್ ಮುಂತಾದವು ಇವೆಯೇ ಹೊರತು ನೆಟ್ ಬ್ಯಾಂಕಿಂಗ್ ಮೂಲಕ ಮಾಡುವ ಪಾವತಿಗೆ ಅಂತ ಬೇರೆ ಸಾಲಿಲ್ಲ. ಚಿಕ್ಕಮ್ಮನದ್ದು ಅದೇ. ಇರಲಿ, ಯುಪಿಐನ ಐದು ದಿನದ ಅಳತೆಯನ್ನೇ ಹಿಡಿದು ನೋಡಿದರೂ 8ಕ್ಕೆ ಐದು ಸೇರಿಸಿದರೆ 13. ದುಡ್ಡು ಬಂದದ್ದು ಸರಿಯಾಗಿ 13ಕ್ಕೆ. ನೂರು ರೂಪಾಯಿ ಒಂದು ದಿನದಲ್ಲಿ ತಪ್ಪಿತು ಅಂತ ಅವರು ಈಗಲೂ ಅಂದುಕೊಂಡಿದ್ದಾರೆ.

ರಜೆಯ ಕಾಟ ಯುಪಿಐನಲ್ಲಿ ಇಷ್ಟಿಲ್ಲ. ಅಲ್ಲೂ ಮಾತು ಮೊದಲು, ದುಡ್ಡು ಆಮೇಲೆ. ಆದರೆ ಬ್ಯಾಂಕುಗಳ ನಡುವಿನ ಲೆಕ್ಕ ದಿನಕ್ಕೆ ಹಲವು ಸಲ ಚುಕ್ತಾ ಆಗುತ್ತದೆ. ಅದು ನಡೆಯುವುದು ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ ಮೂಲಕ. ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲು ರಾತ್ರಿ, ರಜೆಯ ದಿನವೂ ನಡೆಯುತ್ತದೆ. ಶುಕ್ರವಾರ ಸಂಜೆ ಟಾಪ್‌ಅಪ್ ಮಾಡುವುದಿದ್ದರೆ ನಾನಂತೂ ನೆಟ್ ಬ್ಯಾಂಕಿಂಗ್ ಮುಟ್ಟುವುದಿಲ್ಲ.

ಸೋಮವಾರದ ಫೈಲಿನಲ್ಲಿ ಚಿಕ್ಕಮ್ಮನ ಸಾಲು ಇರದೇ ಹೋಗಿದ್ದರೆ? ಆಗ ದುಡ್ಡು ಬ್ಯಾಂಕಿನಲ್ಲೇ ಸಿಕ್ಕಿಕೊಂಡಿದೆ ಅಂತ. ರೆಫರೆನ್ಸ್ ನಂಬರ್ ಇಟ್ಟು ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಬೇಕಿತ್ತು. ದೂರಿಗೆ 30 ದಿನ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಹೋಗದಿದ್ದರೆ, `cms.rbi.org.in` ನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅಲ್ಲಿಯವರೆಗೆ ಹೋಗುವ ಅಗತ್ಯ ಇಲ್ಲಿ ಬೀಳಲಿಲ್ಲ.

ಬುಧವಾರ ಸಂಜೆ ಮತ್ತೆ ಫೋನ್. ದುಡ್ಡು ಬಂತು ಅಂತ ಹೇಳೋಕೆ ಮಾಡಿದ್ದಾರೆ ಅಂದುಕೊಂಡು ಎತ್ತಿದೆ. ಚಿಕ್ಕಮ್ಮನ ದನಿಯಲ್ಲಿ ಗಾಬರಿ.

"ಯಾರೋ ನನ್ನ ಅಕೌಂಟಿಗೆ ನಾಲ್ಕು ಸಾವಿರ ಹಾಕಿದಾರೆ ಕಣೋ. ಕೇಳದೇ ಇರೋ ಹೆಸರು. ಮೋಸದವರಿರಬೇಕು. ವಾಪಸ್ ಕಳಿಸ್ಲಾ?"

ಸ್ಟೇಟ್‌ಮೆಂಟಿನಲ್ಲಿ ರೀಫಂಡ್ ಬರುವುದು ವಾಲೆಟ್ ಕಂಪನಿಯ ಹೆಸರಿನಲ್ಲಲ್ಲ, ದುಡ್ಡು ಕಳಿಸಿದ ಗೇಟ್‌ವೇಯ ಹೆಸರಿನಲ್ಲಿ. ಹೆಸರು ಓದಿ ಹೇಳಿ ಅಂದೆ. ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಬಿಡಿಸಿ ಓದಿದರು. ನಾನು ಐದು ವರ್ಷದಿಂದ ಕೆಲಸ ಮಾಡುತ್ತಿರುವ ಕಂಪನಿಯ ಹೆಸರದು.